ನಕ್ಷೆಗೆ ನಾಲಗೆ ಬಂದಾಗ

ವಾಸ್ತುಶಿಲ್ಪದ ವಿದ್ಯಾರ್ಥಿಗೆ ಲಿಖಿತ ಪರೀಕ್ಷೆಗಿಂತ ಕಠಿನವಾದ ಪರೀಕ್ಷೆಯೊಂದುಂಟು. ವಾರಗಟ್ಟಲೆ ಶ್ರಮಿಸಿ ಬರೆದ ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಅನುಭವಿಗಳಾದ ಪರೀಕ್ಷಕರ ಮುಂದೆ ನಿಂತು ಅವನು ಉತ್ತರ ಹೇಳಬೇಕು. ಇದಕ್ಕೆ 'ಜ್ಯೂರಿ' ಎಂದು ಹೆಸರು. ಪ್ರಶ್ನೆಗಳು ನೂರಾದರೂ ಅವುಗಳ ಬೇರು ಮೂರೇ: ಕಟ್ಟಡವು ನೆಲಕ್ಕೆ ಒಪ್ಪುವುದೆ? ಜನರು ಅದರಲ್ಲಿ ಹೇಗೆ ನಡೆದಾಡುವರು? ಅದನ್ನು ಯಾವುದರಿಂದ ಕಟ್ಟುವುದು?

ಬೆಂಗಳೂರಿನಲ್ಲಿ ಕಟ್ಟಬೇಕಾದ ಶಾಲೆಯೊಂದರ ನಕ್ಷೆ ಬಂದಿದೆಯೆನ್ನೋಣ. ದಕ್ಷಿಣದ ಗೋಡೆಯಲ್ಲಿ 4 ಅಡಿ ಎತ್ತರದ ಕಿಟಕಿ. ಅದರ ನೆತ್ತಿಗೇ ಅಂಟಿದಂತೆ 2 ಅಡಿ ಚಾಚಿದ ಸಜ್ಜೆ. "ಬಿಸಿಲಿಗೆ ತಡೆಯಿದೆ" ಎನ್ನುತ್ತಾನೆ ವಿದ್ಯಾರ್ಥಿ. "ಡಿಸೆಂಬರ್ 21ರ ಮಧ್ಯಾಹ್ನ ನೆರಳು ಎಲ್ಲಿಯವರೆಗೆ?" ಎಂಬುದು ಪರೀಕ್ಷಕರ ಪ್ರಶ್ನೆ. ಬೆಂಗಳೂರಿರುವುದು ಉತ್ತರ ಅಕ್ಷಾಂಶ 13ರ ಬಳಿ. ಅಂದು ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು ಐವತ್ತಮೂರೂವರೆ ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಇಳಿಯುವುದು 2.7 ಅಡಿ ಮಾತ್ರ. ಉಳಿದ 1.3 ಅಡಿಯಲ್ಲಿ ಬಿಸಿಲು ಒಳನುಗ್ಗುತ್ತದೆ. ಚಳಿಗಾಲದಲ್ಲಿ ಅದು ಹಿತವೂ ಆಗಬಹುದು. ಮಕ್ಕಳ ಪುಸ್ತಕದ ಮೇಲೆ ಬಿದ್ದರೆ ಕಣ್ಣು ಕುಕ್ಕಲೂಬಹುದು. ಜೂನ್ ತಿಂಗಳಲ್ಲಾದರೋ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬಾರದೆಂಬ ಮಾತು ಶೀತದೇಶದ ಪುಸ್ತಕದಿಂದ ಬಂದದ್ದು. ಇಲ್ಲಿ ಆ ತಿಂಗಳು ಬೆಳಗ್ಗೆ, ಸಂಜೆ ಓರೆಬಿಸಿಲು ಆ ಕಿಟಕಿಯನ್ನು ಹೊಕ್ಕೇ ತೀರುತ್ತದೆ.

ಎರಡನೆಯ ಪ್ರಶ್ನೆಗೆ ಪರೀಕ್ಷಕರು ನಕ್ಷೆಯ ಬಾಗಿಲಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಗ್ರಂಥಾಲಯಕ್ಕೆ ಕರೆದೊಯ್ಯಿರಿ" ಎನ್ನುತ್ತಾರೆ. ದಾರಿಯ ಎರಡೂ ಬದಿಗೆ ಕೊಠಡಿಗಳೇ ತುಂಬಿದ್ದರೆ ನಡುವಣ ಓಣಿಗೆ ಬೆಳಕೆಲ್ಲಿಂದ? ಕಟ್ಟಡವನ್ನು ಸೀಳಿ ತೋರುವ ಛೇದನಕ್ಷೆಯಲ್ಲಿ ಇದರ ಗುಟ್ಟು ಬಯಲಾಗುತ್ತದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿ ಬಾಲಕೃಷ್ಣ ದೋಶಿಯವರು ಇದಕ್ಕೆ ಸೊಗಸಾದ ಉತ್ತರ ಕೊಟ್ಟಿದ್ದಾರೆ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಅವರಿಗೆ ಇಲ್ಲಿ ಫತೇಪುರ ಸಿಕ್ರಿಯ ಸ್ಫೂರ್ತಿಯಿತ್ತು. ಅಲ್ಲಿನ ಮೊಗಸಾಲೆಗಳು ಕೆಲವೆಡೆ ಮುಚ್ಚಿವೆ, ಕೆಲವೆಡೆ ಬಯಲಿಗೆ ತೆರೆದಿವೆ, ಕೆಲವೆಡೆ ತೊಲೆಗಳ ನಡುವಿನಿಂದ ಬೆಳಕನ್ನು ಸೋಸುತ್ತವೆ. ನಡೆಯುವವನು ಅಲ್ಲೇ ನಿಂತು ಮಾತನಾಡಲೂ ಎಡೆಯುಂಟು.

ಆ ಕಟ್ಟಡದ ಗೋಡೆಗಳು ಒರಟು ಕಲ್ಲಿನವು. ಅದನ್ನು ಕಂಡು ಮರುಳಾದ ವಿದ್ಯಾರ್ಥಿ ತನ್ನ ನಕ್ಷೆಯಲ್ಲಿಯೂ 'ಕಲ್ಲಿನ ಗೋಡೆ' ಎಂದು ಬರೆದು, ಗೆರೆಯನ್ನು ಮಾತ್ರ ಇಟ್ಟಿಗೆಯ 9 ಅಂಗುಲ ದಪ್ಪಕ್ಕೇ ಎಳೆದಿರುತ್ತಾನೆ. ಪರೀಕ್ಷಕರ ಅಳತೆಪಟ್ಟಿ ಮೊದಲು ಹೋಗುವುದು ಅಲ್ಲಿಗೇ. ಕಲ್ಲಿನ ಗೋಡೆ 15 ಅಂಗುಲವಾದರೆ ಪ್ರತಿ ಕೊಠಡಿಯೂ ಅರ್ಧ ಅಡಿ ಕುಗ್ಗುತ್ತದೆ; 10 ಕೊಠಡಿಗಳ ಸಾಲಿನಲ್ಲಿ 5 ಅಡಿ ಮಾಯ! ನಷ್ಟವಾದ ಜಾಗ ಮೊಗಸಾಲೆಯಿಂದ ಬರಬೇಕೆ, ನಿವೇಶನದಿಂದಲೆ? ಹೀಗೆ ಮೂರನೆಯ ಪ್ರಶ್ನೆ ಮತ್ತೆ ಮೊದಲೆರಡರ ಬಾಗಿಲನ್ನೇ ತಟ್ಟುತ್ತದೆ. ಮೂರಕ್ಕೂ ಒಂದೇ ನಕ್ಷೆಯಿಂದ ಉತ್ತರ ಹೊರಟರೆ ಪರೀಕ್ಷಕರು ತಲೆದೂಗುತ್ತಾರೆ.