ಒಂದೊಂದಾಗಿ ಭದ್ರ, ಒಟ್ಟಿಗೆ ಅಭದ್ರ

ತಿರುಗುವ ಉಪಗ್ರಹದ ಎರಡು ನಿಯಂತ್ರಣ ಲೂಪ್‌ಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ ಯಾವ ಕೊರತೆಯೂ ಕಾಣದು. ಎರಡರಲ್ಲೂ ಶೇ 10ರಷ್ಟು ತಪ್ಪು ಒಟ್ಟಿಗೆ, ವಿರುದ್ಧ ದಿಕ್ಕುಗಳಲ್ಲಿ ನುಸುಳಿದರೆ ಮಾತ್ರ ಸ್ಥಿರತೆಯೇ ಹೋಗುತ್ತದೆ. ಈ ಅಪಾಯ ಸಿಂಗ್ಯುಲರ್ ವ್ಯಾಲ್ಯೂ ನಕ್ಷೆಯಲ್ಲಿ ಮೊದಲೇ ಕಾಣುತ್ತದೆ.

ಒಂದು ಅಕ್ಷದ ಸುತ್ತ ವೇಗವಾಗಿ ತಿರುಗುತ್ತಿರುವ ಉಪಗ್ರಹವನ್ನು ಅದಕ್ಕೆ ಅಡ್ಡಲಾಗಿರುವ ಎರಡು ಅಕ್ಷಗಳಲ್ಲಿ ಹಿಡಿತದಲ್ಲಿಡಬೇಕು ಎಂದುಕೊಳ್ಳಿ. ಮೊದಲ ಅಕ್ಷಕ್ಕೆ ಬಲ ಕೊಟ್ಟರೆ ಎರಡನೆಯದೂ ಅಲುಗುತ್ತದೆ, ಎರಡನೆಯದಕ್ಕೆ ಕೊಟ್ಟರೆ ಮೊದಲನೆಯದೂ ಅಲುಗುತ್ತದೆ. ಈ ಹೆಣಿಗೆ ಎಷ್ಟು ಬಿಗಿ ಎಂಬುದನ್ನು `a` ಎಂಬ ಒಂದೇ ಸಂಖ್ಯೆ ಹೇಳುತ್ತದೆ. ಸ್ಕೋಗೆಸ್ಟಾಡ್ ಮತ್ತು ಪೋಸ್ಟಲ್‌ತ್ವೇಟ್ ಅವರ ಪಠ್ಯಪುಸ್ತಕದ ಮೂಲಕ ರೋಬಸ್ಟ್ ಕಂಟ್ರೋಲ್ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವ ಉದಾಹರಣೆ ಇದು. ಅಲ್ಲಿ `a` ಬೆಲೆ 10. ಕಂಟ್ರೋಲರ್ `K` ಅತಿ ಸರಳ: ಪ್ರತಿ ಅಕ್ಷದ ಅಳತೆಯನ್ನು ಹಾಗೆಯೇ ಅದೇ ಅಕ್ಷಕ್ಕೆ ಹಿಂದಿರುಗಿಸುತ್ತದೆ.

ಮ್ಯಾಟ್‌ಲ್ಯಾಬ್‌ನಲ್ಲಿ ಇಷ್ಟು ಬರೆದರೆ ಸಾಕು:

```
s = tf('s');  a = 10;
G = 1/(s^2+a^2)*[s-a^2, a*(s+1); -a*(s+1), s-a^2];
T = minreal(feedback(G, eye(2)));
sigma(T)
```

ಹಳೆಯ ಪರೀಕ್ಷೆಯ ಪೂರ್ಣಾಂಕ

ಒಂದು ಲೂಪ್ ಮುಚ್ಚಿಟ್ಟು, ಇನ್ನೊಂದನ್ನು ಬಿಚ್ಚಿ, ಅದರ ಗೇನ್ ಮಾರ್ಜಿನ್ ಮತ್ತು ಫೇಸ್ ಮಾರ್ಜಿನ್ ಅಳೆಯುವುದು ಎಂಜಿನಿಯರ್‌ಗಳ ಹಳೆಯ ರೂಢಿ. ಇಲ್ಲಿ ಹಾಗೆ ಬಿಚ್ಚಿದ ಲೂಪ್ ಬರೀ `1/s` ಆಗಿ ಕಾಣುತ್ತದೆ. ಅದರ ಫೇಸ್ ಮಾರ್ಜಿನ್ 90 ಡಿಗ್ರಿ. ಗೇನ್ ಅನ್ನು ಎಷ್ಟು ಬೇಕಾದರೂ ಏರಿಸಬಹುದು, ಸೊನ್ನೆಯ ಸಮೀಪದವರೆಗೆ ಇಳಿಸಲೂಬಹುದು. ಇನ್ನೊಂದು ಲೂಪ್‌ನ ಫಲಿತಾಂಶವೂ ಇದೇ. ಎರಡನ್ನೂ ಮುಚ್ಚಿದಾಗ ಪೋಲ್‌ಗಳು −1ರಲ್ಲಿ ನಿಶ್ಚಿಂತೆಯಿಂದ ಕೂತಿರುತ್ತವೆ. ಇದಕ್ಕಿಂತ ಉತ್ತಮ ಅಂಕಪಟ್ಟಿ ಸಿಗುವುದು ಕಷ್ಟ.

ಈಗ ಮೊದಲ ಅಕ್ಷದ ಚಾಲಕ ಶೇ 10ರಷ್ಟು ಹೆಚ್ಚು ಬಲ ಕೊಡುತ್ತದೆ, ಎರಡನೆಯದು ಶೇ 10ರಷ್ಟು ಕಡಿಮೆ ಕೊಡುತ್ತದೆ ಎನ್ನೋಣ. ಎರಡು ತಪ್ಪುಗಳನ್ನು ε₁, ε₂ ಎಂದು ಕರೆದರೆ ವ್ಯವಸ್ಥೆಯ ಲಾಕ್ಷಣಿಕ ಸಮೀಕರಣ ಹೀಗಾಗುತ್ತದೆ:

s² + (2 + ε₁ + ε₂)s + 1 + ε₁ + ε₂ + 101·ε₁ε₂ = 0

ಕೊನೆಯ ಪದವನ್ನು ಗಮನಿಸಿ. ಒಂದೇ ತಪ್ಪು ಇದ್ದಾಗ ε₁ε₂ ಸೊನ್ನೆ. ಆಗ 101ಕ್ಕೆ ಕೆಲಸವೇ ಇಲ್ಲ. ಒಂದೊಂದೇ ಲೂಪ್‌ನ ಪರೀಕ್ಷೆ ಈ ಪದವನ್ನು ಎಂದೂ ಮುಟ್ಟುವುದಿಲ್ಲ. ಎರಡೂ ಗೇನ್ ಒಂದೇ ದಿಕ್ಕಿನಲ್ಲಿ ಏರಿದರೂ ಗುಣಲಬ್ಧ ಧನವಾಗಿರುವುದರಿಂದ ತೊಂದರೆಯಿಲ್ಲ. ಒಂದು ಏರಿ ಇನ್ನೊಂದು ಇಳಿದಾಗ ಮಾತ್ರ ಅದು ಋಣವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಸ್ಥಿರಾಂಕ 1 − 1.01, ಅಂದರೆ −0.01. ಒಂದು ಪೋಲ್ ಬಲಭಾಗಕ್ಕೆ ದಾಟಿತು, ವ್ಯವಸ್ಥೆ ಅಸ್ಥಿರವಾಯಿತು.

ಈ ಕೆಡುಕು ಮೊದಮೊದಲು ಕಣ್ಣಿಗೇ ಬೀಳುವುದಿಲ್ಲ. ದಾಟಿದ ಪೋಲ್ ಸುಮಾರು 0.005ರಲ್ಲಿದೆ. ವಿಚಲನೆ ಸುಮಾರು ಎರಡುಮೂರು ಪಟ್ಟು ಬೆಳೆಯಲು 200 ಸೆಕೆಂಡ್ ಬೇಕು. ಹತ್ತಾರು ಸೆಕೆಂಡ್‌ಗಳ ಸಿಮ್ಯುಲೇಷನ್ ನೋಡಿ ಎದ್ದುಹೋದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ತಪ್ಪು ಶೇ 20 ಆದರೆ ಪೋಲ್ 1ರ ಸಮೀಪಕ್ಕೆ ಬರುತ್ತದೆ. ಆಗ ಒಂದೊಂದು ಸೆಕೆಂಡಿಗೂ ವಿಚಲನೆ ಅಷ್ಟೇ ಪಟ್ಟು ಹಿಗ್ಗುತ್ತದೆ.

ದಿಕ್ಕು ನೋಡುವ ಅಳತೆ

ಎರಡು ಒಳಹರಿವುಗಳಿರುವ ವ್ಯವಸ್ಥೆಗೆ ಗೇನ್ ಎಂಬುದು ಒಂದೇ ಸಂಖ್ಯೆಯಲ್ಲ, ಅದು ಸಂಕೇತದ ದಿಕ್ಕನ್ನು ಅವಲಂಬಿಸಿದೆ. ಒಂದು ಆವರ್ತನದಲ್ಲಿ 1 ಉದ್ದದ ಸಂಕೇತವನ್ನು ಎಲ್ಲ ದಿಕ್ಕುಗಳಲ್ಲೂ ಕಳುಹಿಸಿದರೆ ಹೊರಬರುವ ಉದ್ದಗಳಲ್ಲಿ ಅತಿ ದೊಡ್ಡದು ಗರಿಷ್ಠ ಸಿಂಗ್ಯುಲರ್ ವ್ಯಾಲ್ಯೂ, ಅತಿ ಚಿಕ್ಕದು ಕನಿಷ್ಠ ಸಿಂಗ್ಯುಲರ್ ವ್ಯಾಲ್ಯೂ. ಅವನ್ನು ಆವರ್ತನದುದ್ದಕ್ಕೂ ಡೆಸಿಬೆಲ್‌ನಲ್ಲಿ ಗುರುತಿಸುತ್ತ ಹೋದರೆ ಸಿಂಗ್ಯುಲರ್ ವ್ಯಾಲ್ಯೂ ನಕ್ಷೆ ಸಿದ್ಧ. ಒಂದು ಲೂಪ್‌ಗೆ ಬೋಡೆ ನಕ್ಷೆ ಮಾಡುವ ಕೆಲಸವನ್ನು ಇದು ಹಲವು ಲೂಪ್‌ಗಳಿಗೆ ಮಾಡುತ್ತದೆ.

ಇನ್ನು ತಪ್ಪಿನ ಲೆಕ್ಕ. ನಿಜವಾದ ಪ್ಲಾಂಟ್ ನಮ್ಮ ಮಾದರಿ `G` ಅಲ್ಲ, `(I+E)G` ಎಂದು ಬರೆಯುತ್ತಾರೆ. ಇದೇ ಗುಣಾತ್ಮಕ ಅನಿಶ್ಚಿತತೆ. `E` ಏನೆಂದು ನಮಗೆ ಗೊತ್ತಿಲ್ಲ, ಅದರ ಗಾತ್ರ ಪ್ರತಿ ಆವರ್ತನದಲ್ಲೂ `l(ω)` ಮೀರದು ಎಂಬುದಷ್ಟೇ ಗೊತ್ತು. ಲೂಪ್‌ನಿಂದ `E`ಯನ್ನು ಹೊರಗೆಳೆದು ನೋಡಿದರೆ ಅದರ ಎದುರಿಗೆ ಉಳಿಯುವುದು `T = GK(I+GK)⁻¹`. ಸಂಕೇತ ಇವೆರಡರ ನಡುವೆ ಸುತ್ತುತ್ತದೆ. ಮೈಕ್ ಮತ್ತು ಸ್ಪೀಕರ್ ನಡುವೆ ಸುತ್ತುವ ಸದ್ದು ಪ್ರತಿ ಸುತ್ತಿಗೂ ಕುಗ್ಗುತ್ತಿದ್ದರೆ ಕಿರುಚಾಟ ಹುಟ್ಟುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಜಾರ್ಜ್ ಝೇಮ್ಸ್ 1966ರಲ್ಲಿ ಪ್ರಕಟಿಸಿದ ಸ್ಮಾಲ್ ಗೇನ್ ವಿಚಾರದ ತಿರುಳು ಇದೇ. 1981ರಲ್ಲಿ ಜಾನ್ ಡಾಯ್ಲ್ ಮತ್ತು ಗುಂಟರ್ ಸ್ಟೈನ್ ಇದನ್ನು ಹಲವು ಲೂಪ್‌ಗಳ ವಿನ್ಯಾಸಕ್ಕೆ ಒದಗುವ ನಿಯಮವಾಗಿ ನಿಲ್ಲಿಸಿದರು. ಮಾದರಿ ಲೂಪ್ ಸ್ಥಿರವಾಗಿದ್ದು, `E` ಅಸ್ಥಿರ ಪೋಲ್‌ಗಳ ಸಂಖ್ಯೆಯನ್ನು ಬದಲಿಸದಿದ್ದರೆ, ಎಲ್ಲ ಆವರ್ತನಗಳಲ್ಲೂ

σ_max[T(jω)] < 1/l(ω)

ಎಂಬುದೇ ಸ್ಥಿರತೆಯ ಶರತ್ತು. ನಕ್ಷೆಯ ಮೇಲೆ ಹೇಳುವುದಾದರೆ, `T`ಯ ಗೆರೆ `1/l` ಗೆರೆಯನ್ನು ಎಲ್ಲಿಯೂ ಮುಟ್ಟಬಾರದು.

ನಮ್ಮ ಉಪಗ್ರಹದ `T`ಯನ್ನು ಬರೆದರೆ ಗರಿಷ್ಠ ಸಿಂಗ್ಯುಲರ್ ವ್ಯಾಲ್ಯೂ ಕೆಳ ಆವರ್ತನಗಳಲ್ಲಿ √101, ಅಂದರೆ 10.05. ನಕ್ಷೆಯಲ್ಲಿ ಗೆರೆ ಸುಮಾರು 20 ಡೆಸಿಬೆಲ್ ಎತ್ತರದಲ್ಲಿ ಚಪ್ಪಟೆಯಾಗಿ ಸಾಗಿ, ಸೆಕೆಂಡಿಗೆ 1 ರೇಡಿಯನ್ ದಾಟಿದ ಮೇಲೆ ಇಳಿಯತೊಡಗುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಈ ಗೆರೆ 0 ಡೆಸಿಬೆಲ್ ಆಸುಪಾಸಿನಲ್ಲಿರಬೇಕಿತ್ತು. 10.05ರ ವಿಲೋಮ 0.0995. ಶೇ 9.95ರೊಳಗಿನ ತಪ್ಪಿಗೆ ಮಾತ್ರ ಭರವಸೆ ಎಂದು ನಕ್ಷೆ ಹೇಳುತ್ತದೆ. ಲಾಕ್ಷಣಿಕ ಸಮೀಕರಣದಿಂದ ಬರುವ ಮಿತಿಯೂ 1/√101, ಅಷ್ಟೇ.

ಗೆರೆಯನ್ನು ಇಳಿಸುವ ಬಗೆ

ಅಳತೆಗಳು ಎರಡು ಅಕ್ಷಗಳನ್ನು ಕಲಸಿ ಕೊಡುತ್ತಿವೆ, ಕಂಟ್ರೋಲರ್ ಅದನ್ನು ಕಡೆಗಣಿಸಿದೆ. ದೋಷದ ಮೂಲ ಇದು. ಕಂಟ್ರೋಲರ್‌ನಲ್ಲಿ ಮೊದಲು ಆ ಕಲಸಾಟವನ್ನು ಬಿಡಿಸಿ, ಬಳಿಕ `k` ಗೇನ್ ಕೊಟ್ಟರೆ `T`ಯ ಗೆರೆಯ ತುದಿ ಸೆಕೆಂಡಿಗೆ 10 ರೇಡಿಯನ್‌ನಲ್ಲಿ ಸರಿಯಾಗಿ 1ಕ್ಕೆ ನಿಲ್ಲುತ್ತದೆ. ಎಲ್ಲ ಆವರ್ತನಗಳಲ್ಲೂ ಶೇ 100ರೊಳಗಿನ ತಪ್ಪನ್ನು ತಾಳಿಕೊಳ್ಳುವ ಶಕ್ತಿ ಬಂತು.

ಆದರೆ ಆದೇಶವನ್ನು ಪಾಲಿಸುವ ನಿಖರತೆಗೆ `k` ದೊಡ್ಡದಿರಬೇಕು. `k` 10 ಇದ್ದಾಗ ಮೊದಲ ಅಕ್ಷಕ್ಕೆ 1 ಕೇಳಿದರೆ ಸಿಗುವುದು 0.5, ಜೊತೆಗೆ ಎರಡನೆಯ ಅಕ್ಷವೂ 0.5ರಷ್ಟು ಸರಿಯುತ್ತದೆ. `k` 100 ಮಾಡಿದರೆ 0.99 ಸಿಗುತ್ತದೆ, ಆದರೆ ಗೆರೆ ಮೇಲಿನ ಆವರ್ತನಗಳಿಗೆ ಚಾಚುತ್ತದೆ. ಮಾದರಿ ಸುಳ್ಳಾಗುವುದು ಅಲ್ಲೇ. ಲೆಕ್ಕಕ್ಕೆ ಹಿಡಿಯದ 10 ಮಿಲಿಸೆಕೆಂಡ್ ವಿಳಂಬವಿದ್ದರೆ ಸೆಕೆಂಡಿಗೆ 105 ರೇಡಿಯನ್ ಬಳಿ ತಪ್ಪು ಶೇ 100 ಮುಟ್ಟುತ್ತದೆ. ಅಷ್ಟಕ್ಕೆ `k` 100 ಇದ್ದರೂ ಶರತ್ತು ನಿಲ್ಲುತ್ತದೆ. ವಿಳಂಬ 20 ಮಿಲಿಸೆಕೆಂಡ್ ಆದರೆ ಎರಡು ಗೆರೆಗಳು ದಾಟಿಕೊಳ್ಳುತ್ತವೆ, ವ್ಯವಸ್ಥೆ ನಿಜಕ್ಕೂ ಅಸ್ಥಿರವಾಗುತ್ತದೆ. `k` ಎಷ್ಟಿರಬೇಕು ಎಂಬುದನ್ನು ಚಾಲಕಗಳ ನಿಜವಾದ ವಿಳಂಬವನ್ನು ಅಳೆದೇ ನಿರ್ಧರಿಸಬೇಕು.

ಶರತ್ತಿನ ಮಿತಿ

ಗೆರೆಗಳು ಮುಟ್ಟಿದವೆಂದರೆ ಗಾತ್ರ `l`ನ ಯಾವುದೋ ಒಂದು `E` ಲೂಪನ್ನು ಕೆಡಿಸಬಲ್ಲದು ಎಂದರ್ಥ. ಆದರೆ ಆ `E` ನಿಜದಲ್ಲಿ ಸಂಭವಿಸುವಂಥದ್ದೇ ಆಗಬೇಕಿಲ್ಲ. ಇಲ್ಲಿ ಚಾಲಕಗಳ ತಪ್ಪು ತಮ್ಮತಮ್ಮ ಅಕ್ಷಕ್ಕೆ ಸೀಮಿತ. ಸ್ಮಾಲ್ ಗೇನ್ ಶರತ್ತು ಮಾತ್ರ ಒಂದರ ತಪ್ಪು ಇನ್ನೊಂದಕ್ಕೆ ಹರಿಯುವ ಸಾಧ್ಯತೆಯನ್ನೂ ಎಣಿಸುತ್ತದೆ. ಮೊದಲ ಕಂಟ್ರೋಲರ್‌ನಲ್ಲಿ ಎರಡು ಲೆಕ್ಕಗಳೂ ಕೂಡಿಬಂದವು, ಎಲ್ಲ ಕಡೆ ಹಾಗಾಗುವುದಿಲ್ಲ. ಬಿಡಿಸಿದ ಕಂಟ್ರೋಲರ್‌ನಲ್ಲಿ ಚಾಲಕಗಳ ಗೇನ್ ಎರಡು ಪಟ್ಟಾಗಲಿ, ಹತ್ತು ಪಟ್ಟಾಗಲಿ, ಸ್ಥಿರತೆ ಉಳಿಯುತ್ತದೆ. ಶರತ್ತು ಮಾತ್ರ ಶೇ 100ಕ್ಕೇ ನಿಲ್ಲುತ್ತದೆ. ತಪ್ಪಿನ ರಚನೆಯನ್ನೂ ಲೆಕ್ಕಕ್ಕೆ ತರುವ ಮ್ಯೂ ವಿಶ್ಲೇಷಣೆಯನ್ನು ಡಾಯ್ಲ್ 1982ರಲ್ಲಿ ಮುಂದಿಟ್ಟದ್ದು ಈ ಅಂತರವನ್ನು ಕಿರಿದುಗೊಳಿಸಲು. ಹಾಗಾಗಿ ಶರತ್ತು ತೇರ್ಗಡೆಯಾದರೆ ನಂಬಿ ಮುಂದುವರಿಯಬಹುದು. ಅದು ಸೋತರೆ ವಿನ್ಯಾಸವನ್ನು ಕೈಬಿಡುವ ಮೊದಲು, ಆ ಆವರ್ತನದಲ್ಲಿ ಕೆಡುಕು ತರುವ `E` ಯಾವುದು, ಅಂಥ ತಪ್ಪು ಯಂತ್ರದಲ್ಲಿ ಹುಟ್ಟಬಲ್ಲದೇ ಎಂದು ಕೇಳಬೇಕು.