8000 ಹರ್ಟ್ಸ್‌ನಲ್ಲಿ ಶುರುವಾಗುವ ಕಿವುಡು

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನೂ ಡ್ರಿಪ್‌ನಲ್ಲಿ ಏರಿಸುತ್ತಾರೆ. ಹೊಗೆಸೊಪ್ಪು, ಗುಟ್ಕಾ, ಬೀಡಿಯ ಹಾವಳಿಯಿರುವ ನಮ್ಮ ನಾಡಿನಲ್ಲಿ ಇದು ದಿನನಿತ್ಯ ನಡೆಯುವ ಚಿಕಿತ್ಸೆ. ಪ್ರತಿ ಡೋಸ್‌ಗೆ ಮುಂಚೆ ರಕ್ತ ಪರೀಕ್ಷೆಯಾಗುತ್ತದೆ, ಕಿಡ್ನಿ ಹೇಗಿದೆಯೆಂದು ಕ್ರಿಯಾಟಿನಿನ್ ನೋಡುತ್ತಾರೆ. ಕಿವಿಯ ವಿಷಯಕ್ಕೆ ಬಂದರೆ, ಎಷ್ಟೋ ಕಡೆ ಒಂದು ಪ್ರಶ್ನೆಗೇ ಮುಗಿಯುತ್ತದೆ: “ಚೆನ್ನಾಗಿ ಕೇಳಿಸ್ತದಾ?” ರೋಗಿ “ಹೂಂ ಸಾರ್, ಕೇಳಿಸ್ತದೆ” ಎನ್ನುತ್ತಾನೆ.

ಅವನು ಹೇಳುವುದು ನಿಜವೇ. ತೊಂದರೆ ಇರುವುದೂ ಅಲ್ಲೇ. ಔಷಧ ಕಿವಿಯನ್ನು ಕೆಡಿಸಲು ಶುರುಮಾಡುವುದು ಮಾತು ಕೇಳಿಸುವ ಭಾಗದಿಂದಲ್ಲ.

ಒಳಗಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿಕೊಂಡ ಒಂದು ಪುಟ್ಟ ನಾಳವಿದೆ. ಅದಕ್ಕೆ ಕಾಕ್ಲಿಯಾ ಎಂದು ಹೆಸರು. ಅದರ ಉದ್ದಕ್ಕೂ ಸಾಲಾಗಿ ಸೂಕ್ಷ್ಮ ಕೂದಲುಗಳಿರುವ ಜೀವಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂಕೇತವನ್ನಾಗಿ ಮಾಡುವ ಕೆಲಸ ಅವುಗಳದು. ಕಾಕ್ಲಿಯಾದ ಬುಡದಲ್ಲಿರುವ ಕೋಶಗಳು ಕೀಚಲು ಶಬ್ದಗಳನ್ನು ಹಿಡಿದರೆ, ತುದಿಯಲ್ಲಿರುವವು ಗಡಸು ಶಬ್ದಗಳನ್ನು ಹಿಡಿಯುತ್ತವೆ. ಸಿಸ್‌ಪ್ಲಾಟಿನ್ ಇರಲಿ, ಜೆಂಟಾಮೈಸಿನ್, ಅಮಿಕಾಸಿನ್, ಕನಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಇಂಜೆಕ್ಷನ್‌ಗಳಿರಲಿ, ಸಾಮಾನ್ಯವಾಗಿ ಮೊದಲು ಬಲಿಯಾಗುವುದು ಬುಡದ ಕೋಶಗಳು. ಹಕ್ಕಿ, ಕೋಳಿಗಳಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ. ಮನುಷ್ಯನಲ್ಲಿ ಹುಟ್ಟುವುದಿಲ್ಲ.

ಮಾತಿನ ಬಹುಪಾಲು 500ರಿಂದ 4000 ಹರ್ಟ್ಸ್ ಒಳಗೆ ಇರುತ್ತದೆ. ಹಾನಿ ಮಾತ್ರ 8000 ಹರ್ಟ್ಸ್‌ನಲ್ಲೋ ಅದಕ್ಕೂ ಮೇಲೋ ಆರಂಭವಾಗಿ, ಡೋಸ್ ಹೆಚ್ಚಿದಂತೆ ಕೆಳಗಿಳಿದು ಬರುತ್ತದೆ. ಅದು ಮಾತಿನ ಎಲ್ಲೆಯನ್ನು ಮುಟ್ಟಿದಾಗ ‘ಕಾಲು’, ‘ಹಾಲು’, ‘ಸಾಲು’ ಒಂದೇ ಥರ ಕೇಳತೊಡಗುತ್ತವೆ. ಸ್ವರ ಕಿವಿಗೆ ಬೀಳುತ್ತದೆ, ವ್ಯಂಜನ ತಪ್ಪಿಹೋಗುತ್ತದೆ. “ಧ್ವನಿ ಕೇಳಿಸ್ತದೆ, ಏನಂದ್ರು ಅಂತ ಗೊತ್ತಾಗಲ್ಲ” ಎಂದು ರೋಗಿ ಹೇಳುವ ಹೊತ್ತಿಗೆ ಕಳೆದದ್ದು ತಿರುಗಿ ಬರುವ ಹಂತ ದಾಟಿರುತ್ತದೆ. ಕೆಲವರಿಗೆ ಅದಕ್ಕೂ ಮುಂಚೆ ಕಿವಿಯಲ್ಲಿ ಗುಂಯ್‌ಗುಡುವುದುಂಟು. ಎಲ್ಲರಿಗೂ ಹಾಗಾಗುವುದಿಲ್ಲವಾದ್ದರಿಂದ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಹಾಗಾದರೆ ಮೊದಲೇ ಗೊತ್ತಾಗುವುದು ಹೇಗೆ? ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ನೋಡೋಣ. ಅವನಿಗೆ ಮೈಯ ಪ್ರತಿ ಚದರ ಮೀಟರಿಗೆ 100 ಮಿಲಿಗ್ರಾಂ ಲೆಕ್ಕದಲ್ಲಿ, ಮೂರು ವಾರಕ್ಕೊಂದರಂತೆ ಮೂರು ಡೋಸ್ ಬರೆದಿದ್ದಾರೆ. ಮೊದಲ ಡ್ರಿಪ್ ಹಾಕುವ ಮುಂಚೆಯೇ ಆಡಿಯಾಲಜಿಸ್ಟ್ ಅವನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದು ಸ್ಥಾಯಿಯಲ್ಲೂ ಅವನಿಗೆ ಕೇಳಿಸುವ ಅತಿ ಸಣ್ಣ ಶಬ್ದ ಯಾವುದೆಂದು ಗುರುತು ಹಾಕಿಕೊಳ್ಳುತ್ತಾರೆ. ಬಲಗಿವಿಯಲ್ಲಿ 4000 ಹರ್ಟ್ಸ್‌ಗೆ 15 ಡೆಸಿಬೆಲ್, 6000ಕ್ಕೆ 15, 8000ಕ್ಕೆ 20 ಎಂದು ಬಂತೆನ್ನಿ. ಎರಡನೆಯ ಡೋಸ್‌ಗೆ ಮುಂಚೆ ಮತ್ತೆ ನೋಡಿದಾಗ 4000ದಲ್ಲಿ 15 ಹಾಗೇ ಇದೆ, 6000ದಲ್ಲಿ 25 ಆಗಿದೆ, 8000ದಲ್ಲಿ 35 ಆಗಿದೆ.

ಈ ಎರಡನೆಯ ಹಾಳೆಯನ್ನಷ್ಟೇ ನೋಡಿದವರು, ಈ ವಯಸ್ಸಿಗೆ ಇಷ್ಟು ಸಹಜ ಎಂದು ಬದಿಗಿಡಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕತೆ ಬೇರೆ. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘಟನೆ 1994ರಲ್ಲಿ ಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಯಾವುದಾದರೂ ಒಂದು ಸ್ಥಾಯಿಯಲ್ಲಿ 20 ಡೆಸಿಬೆಲ್ ಇಳಿದರೆ, ಇಲ್ಲವೇ ಪಕ್ಕಪಕ್ಕದ ಎರಡರಲ್ಲಿ 10 ಡೆಸಿಬೆಲ್ ಇಳಿದರೆ, ಇಲ್ಲವೇ ಮೊದಲು ಕೇಳುತ್ತಿದ್ದ ಸತತ ಮೂರು ಸ್ಥಾಯಿಗಳು ಪೂರ್ತಿ ಕೇಳದಂತಾದರೆ, ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಬದಲಾವಣೆ. ನಮ್ಮ ರೋಗಿ ಎರಡನೆಯ ನಿಯಮಕ್ಕೆ ಸಿಕ್ಕಿಬಿದ್ದಿದ್ದಾನೆ. ಮಾತು ಕೇಳಲು ಅವನಿಗೆ ಒಂದಿನಿತೂ ಕಷ್ಟವಿಲ್ಲ, ಆದರೆ ಔಷಧ ಕಿವಿಯನ್ನು ಮುಟ್ಟಿದೆ. ಮೊದಲ ಹಾಳೆ ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ಪರೀಕ್ಷೆಯನ್ನು ಔಷಧ ಶುರುವಾದ ಮೇಲೆ ತಿಂಗಳು ಬಿಟ್ಟು ಮಾಡಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಅಂಕಿ ಇಳಿದೊಡನೆ ಔಷಧದ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ನೆಗಡಿಯಿಂದ ಕಿವಿಪರದೆಯ ಹಿಂದೆ ನೀರು ನಿಂತಿರಬಹುದು, ಕೀಮೋ ಸುಸ್ತಿನಲ್ಲಿ ರೋಗಿಯ ಗಮನ ಅತ್ತಿತ್ತ ಹೋಗಿರಬಹುದು. ಅದಕ್ಕೇ ಕಿವಿಯೊಳಗೆ ದೀಪ ಬಿಟ್ಟು ನೋಡಿ, ನಡುಗಿವಿಯ ಒತ್ತಡ ಅಳೆದು, ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಸಲಕರಣೆ ಇರುವ ಕಡೆ 8000ಕ್ಕಿಂತ ಮೇಲಿನ ಸ್ಥಾಯಿಗಳನ್ನೂ ಅಳೆಯುತ್ತಾರೆ. ಹಾನಿ ಇನ್ನೂ ಮುಂಚೆಯೇ ಕಾಣುತ್ತದೆ. ಕೈ ಎತ್ತಿ ಹೇಳಲಾರದ ಕೂಸುಗಳಿಗೆ, ಹಾಸಿಗೆ ಹಿಡಿದವರಿಗೆ ಒಟೊ ಅಕೌಸ್ಟಿಕ್ ಎಮಿಷನ್ ಪರೀಕ್ಷೆಯಿದೆ. ಕಿವಿಗೆ ಶಬ್ದ ಬಿಟ್ಟಾಗ ಒಳಗಿನ ಕೋಶಗಳು ತಾವೇ ಹೊರಡಿಸುವ ಕ್ಷೀಣ ಮಾರುಲಿಯನ್ನು ಅದು ಹಿಡಿಯುತ್ತದೆ.

ಬದಲಾವಣೆ ಖಚಿತವಾದರೆ ಮುಂದೇನು? ಇಲ್ಲಿಂದ ನಿರ್ಧಾರ ನಿಜಕ್ಕೂ ಕಷ್ಟದ್ದು, ಏಕೆಂದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಜೀವ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೊಮ್ಮೆ 30 ಮಿಲಿಗ್ರಾಂ ಕೊಟ್ಟವರಿಗಿಂತ ಮೂರು ವಾರಕ್ಕೊಮ್ಮೆ 100 ಮಿಲಿಗ್ರಾಂ ಕೊಟ್ಟವರಲ್ಲಿ ಗಡ್ಡೆ ಹೆಚ್ಚು ಹತೋಟಿಗೆ ಬಂತು, ಅಡ್ಡಪರಿಣಾಮವೂ ಹೆಚ್ಚಾಯಿತು. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮುಂದೆ ಜಪಾನಿನ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ರೋಗಿಗಳಿಗೆ ವಾರಕ್ಕೆ 40 ಮಿಲಿಗ್ರಾಂ ಕೊಟ್ಟಾಗ ಫಲ ಕಡಿಮೆಯಾಗಲಿಲ್ಲ. ಸಿಸ್‌ಪ್ಲಾಟಿನ್ ಕೊಡಲಾಗದವರಿಗೆ ರೇಡಿಯೇಷನ್ ಜೊತೆ ಡೋಸಿಟಾಕ್ಸೆಲ್ ಕೊಟ್ಟರೆ ಬರೀ ರೇಡಿಯೇಷನ್‌ಗಿಂತ ಲಾಭವೆಂದು ಟಾಟಾ ಆಸ್ಪತ್ರೆಯವರೇ ಬಳಿಕ ತೋರಿಸಿದರು. ಕೆಲವೊಮ್ಮೆ ಎಲ್ಲ ತಿಳಿದೂ ಅದೇ ಔಷಧ ಮುಂದುವರಿಸಬೇಕಾಗುತ್ತದೆ. ಆಗಲೂ ರೋಗಿಗೆ ಮುಂದೇನಾಗಬಹುದೆಂದು ಹೇಳಿ, ಶ್ರವಣ ಸಾಧನದ ತಯಾರಿ ಮಾಡಿಕೊಳ್ಳಲು ಕಾಲ ಸಿಗುತ್ತದೆ.

ಮಕ್ಕಳ ಮಟ್ಟಿಗೆ ಒಂದು ಒಳ್ಳೆಯ ಸುದ್ದಿ ಇದೆ. ಸಿಸ್‌ಪ್ಲಾಟಿನ್ ಪಡೆದ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿಗೆ ಕಿವಿ ಕೆಡುತ್ತದೆ, ಮಾತು ಕಲಿಯುವ ವಯಸ್ಸಿನಲ್ಲಿ ಅದು ದೊಡ್ಡ ಪೆಟ್ಟು. ಯಕೃತ್ತಿನ ಕ್ಯಾನ್ಸರ್ ಇದ್ದ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಸ್‌ಪ್ಲಾಟಿನ್ ಮುಗಿದ ಆರು ಗಂಟೆಗೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟಾಗ ಕಿವಿ ಕೆಟ್ಟವರ ಪ್ರಮಾಣ ಶೇ. 63ರಿಂದ ಶೇ. 33ಕ್ಕೆ ಇಳಿಯಿತು. ಅಮೆರಿಕ 2022ರಲ್ಲಿ ಇದಕ್ಕೆ ಅನುಮತಿ ಕೊಟ್ಟದ್ದು ಕ್ಯಾನ್ಸರ್ ಬೇರೆಡೆ ಹರಡದ ಮಕ್ಕಳಿಗೆ ಮಾತ್ರ. ಹರಡಿದ ರೋಗದಲ್ಲಿ ಇದು ಕ್ಯಾನ್ಸರ್ ಕೋಶಗಳನ್ನೂ ಕಾಪಾಡೀತೆಂಬ ಅನುಮಾನ ಇನ್ನೂ ಹೋಗಿಲ್ಲ.

ಆ್ಯಂಟಿಬಯಾಟಿಕ್‌ಗಳ ಕತೆ ಇನ್ನೂ ಹಳೆಯದು. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ ಬಂದ ಒಂದೆರಡು ವರ್ಷದಲ್ಲೇ ರೋಗಿಗಳಿಗೆ ತಲೆಸುತ್ತು, ಓಲಾಟ ಕಾಣಿಸಿಕೊಂಡಿತ್ತು. ಅದು ಒಳಗಿವಿಯ ಸಮತೋಲನದ ಭಾಗವನ್ನು ಕೆಡಿಸುತ್ತಿತ್ತು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ತಿಂಗಳುಗಟ್ಟಲೆ ಕನಾಮೈಸಿನ್ ಚುಚ್ಚಿಸಿಕೊಂಡು, ರೋಗ ಗೆದ್ದು ಕಿವಿ ಕಳೆದುಕೊಂಡವರು ನಮ್ಮಲ್ಲೂ ಬಹಳ ಮಂದಿ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಇಂಜೆಕ್ಷನ್ ಬಿಡಲು ಹೇಳಿತು, ಈಗ ಬೆಡಾಕ್ವಿಲಿನ್ ಇರುವ ಮಾತ್ರೆಗಳಲ್ಲೇ ಚಿಕಿತ್ಸೆ ಆಗುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ಮಾತ್ರ ನವಜಾತ ಶಿಶುಗಳ ಐಸಿಯು ಸೇರಿದಂತೆ ಎಲ್ಲೆಡೆ ಬಳಕೆಯಲ್ಲಿವೆ. ತಾಯಿಯ ಕಡೆಯಿಂದ ಬರುವ ಒಂದು ಜೀನ್ ದೋಷವಿದ್ದರೆ ಒಂದೇ ಡೋಸ್ ಸಾಕು, ಕಿವಿ ಹೋಗಬಹುದು. ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಜೆಕ್ಷನ್ ಆದ ಮೇಲೆ ಕಿವಿ ಕೇಳದಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕಿಡ್ನಿ ದುರ್ಬಲವಿದ್ದರೆ, ಜೊತೆಗೆ ಮೂತ್ರ ಹೋಗಿಸುವ ಫ್ಯೂರೊಸೆಮೈಡ್ ಕೊಡುತ್ತಿದ್ದರೆ ಅಪಾಯ ಇನ್ನೂ ಹೆಚ್ಚು.

ಸಿಸ್‌ಪ್ಲಾಟಿನ್‌ನ ಪ್ಲಾಟಿನಂ ಅಂಶ ಒಳಗಿವಿಯಲ್ಲಿ ತಿಂಗಳುಗಳು, ವರ್ಷಗಳ ಕಾಲ ಉಳಿದುಬಿಡುತ್ತದೆಂದು 2017ರ ಸಂಶೋಧನೆ ತೋರಿಸಿದೆ. ಹೀಗಾಗಿ ಕೊನೆಯ ಡ್ರಿಪ್ ಕಳಚಿದ ಮೇಲೂ ಕಿವಿ ಕೆಡುವುದುಂಟು. ಚಿಕಿತ್ಸೆ ಮುಗಿದ ಮೇಲೆ ಸ್ಕ್ಯಾನ್‌ಗೆಂದು ಬಂದಾಗಲೆಲ್ಲ ಹಳೆಯ ಆಡಿಯೊಗ್ರಾಂ ಹಾಳೆಗಳನ್ನೂ ಫೈಲಿನಲ್ಲಿಟ್ಟುಕೊಂಡು ಬಂದು, ಕಿವಿ ಪರೀಕ್ಷೆಯನ್ನೂ ಮಾಡಿಸಿಕೊಂಡೇ ಹೋಗಬೇಕು.