ಬೆಳಗಿನ ಪೆಟ್ರೋಲು, ನೆಲದಡಿಯ ಲೆಕ್ಕ

‘ಪೆಟ್ರೋಲ್ ಹಾಕಿಸೋದಾದ್ರೆ ಬೆಳಿಗ್ಗೆ ಬೇಗ ಹೋಗು, ಜಾಸ್ತಿ ಬರುತ್ತೆ’ ಎಂಬ ಬುದ್ಧಿಮಾತು ಕೇಳದ ವಾಹನ ಸವಾರರು ಕಡಿಮೆ. ವಾಟ್ಸ್‌ಆ್ಯಪ್ ಬರುವ ಮೊದಲೂ ಇದು ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಇದನ್ನು ಪೂರಾ ಸುಳ್ಳು ಎನ್ನುವಂತಿಲ್ಲ. ಅದಕ್ಕೇ ಇಷ್ಟು ಕಾಲ ಬಾಳಿದೆ.

ಪೆಟ್ರೋಲು ಬಿಸಿಯಾದರೆ ಹಿಗ್ಗುತ್ತದೆ, ಅದೂ ನೀರಿಗಿಂತ ಹಲವು ಪಟ್ಟು ಹೆಚ್ಚಾಗಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಲೀಟರು ಸುಮಾರು 1.2 ಮಿಲಿಲೀಟರಿನಷ್ಟು ಉಬ್ಬುತ್ತದೆ. ಬಂಕಿನ ಮೀಟರು ಅಳೆಯುವುದು ಗಾತ್ರವನ್ನು. ಗಾಡಿ ಓಡುವುದು ಆ ಗಾತ್ರದಲ್ಲಿರುವ ಇಂಧನದ ತೂಕದ ಮೇಲೆ. ಹಾಗಾಗಿ ತಣ್ಣನೆಯ ಲೀಟರಿನಲ್ಲಿ ಬಿಸಿ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು ಇರುತ್ತದೆ. ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ 30 ಲೀಟರಿಗೆ 360 ಮಿಲಿಲೀಟರು. ಇಲ್ಲಿಯವರೆಗೆ ಬುದ್ಧಿಮಾತು ಹೇಳಿದವರೇ ಗೆದ್ದರು.

ಆದರೆ ಆ ಹತ್ತು ಡಿಗ್ರಿ ವ್ಯತ್ಯಾಸ ಇರುವುದು ಗಾಳಿಯಲ್ಲಿ. ಪೆಟ್ರೋಲು ಇರುವುದು ನೆಲದಡಿ. ಬಂಕಿನ ಟ್ಯಾಂಕಿನ ನೆತ್ತಿಯೇ ಸಾಮಾನ್ಯವಾಗಿ ಸುಮಾರು ಒಂದು ಮೀಟರ್ ಆಳದಲ್ಲಿರುತ್ತದೆ. ಹಗಲಿನ ಬಿಸಿಲು, ರಾತ್ರಿಯ ಚಳಿ ಎರಡೂ ಮಣ್ಣಿನಲ್ಲಿ ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಸೋತುಹೋಗುತ್ತವೆ. ಅದರ ಕೆಳಗಿನ ನೆಲಕ್ಕೆ ಬೇಸಿಗೆ, ಮಳೆಗಾಲ ಗೊತ್ತಾಗುತ್ತದೆಯೇ ಹೊರತು ಬೆಳಿಗ್ಗೆ, ಮಧ್ಯಾಹ್ನ ಗೊತ್ತಾಗುವುದಿಲ್ಲ. ಜೊತೆಗೆ ಅಲ್ಲಿರುವುದು ಸಾವಿರಾರು ಲೀಟರು. ಅಷ್ಟನ್ನು ಒಂದು ರಾತ್ರಿಯಲ್ಲಿ ತಣಿಸುವುದು ಸುಲಭವಲ್ಲ. ಡಿಪೋದಿಂದ ಬಿಸಿಲಲ್ಲಿ ಬಂದ ಟ್ಯಾಂಕರು ಸಂಜೆ ಲೋಡು ಇಳಿಸಿದ್ದರೆ, ಮರುದಿನ ಬೆಳಿಗ್ಗೆ ಸಿಗುವ ಪೆಟ್ರೋಲು ಹಿಂದಿನ ಮಧ್ಯಾಹ್ನದ್ದಕ್ಕಿಂತ ಬೆಚ್ಚಗೂ ಇದ್ದೀತು.

ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಟ್ಯಾಂಕಿನಲ್ಲಿ ಅರ್ಧ ಡಿಗ್ರಿ ವ್ಯತ್ಯಾಸವಿದೆ ಎಂದೇ ಇಟ್ಟುಕೊಳ್ಳಿ. ಕಾರಿಗೆ 30 ಲೀಟರು ಹಾಕಿಸಿದರೆ ಲಾಭ 18 ಮಿಲಿಲೀಟರು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಎರಡು ರೂಪಾಯಿಯೂ ಆಗಲಿಲ್ಲ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಅಷ್ಟರಲ್ಲಿ 270 ಮೀಟರ್ ಹೋದೀತು. ಮುಂಜಾನೆ ಇದಕ್ಕೆಂದೇ ಗಾಡಿ ತೆಗೆದರೆ ಬಂಕು ಮುಟ್ಟುವ ಮೊದಲೇ ಲಾಭ ಖರ್ಚಾಗಿರುತ್ತದೆ.

ಬಿಸಿಲಿಗೆ ಕಾಯುವುದು ಮೇಲಿನ ಪಂಪು ಮತ್ತು ಪೈಪಿನಲ್ಲಿ ನಿಂತ ಅಲ್ಪಸ್ವಲ್ಪ ಪೆಟ್ರೋಲು ಮಾತ್ರ. ಅದು ಒಂದು ಲೀಟರಿದ್ದು, ಹತ್ತು ಡಿಗ್ರಿ ಹೆಚ್ಚು ಕಾದಿದ್ದರೂ ನಷ್ಟ 12 ಮಿಲಿಲೀಟರು. ಗಿರಾಕಿ ತುಂಬಿದ ಬಂಕಿನಲ್ಲಿ ಅದೂ ನಿಮಗಿಂತ ಮುಂದಿನವರ ಪಾಲಾಗಿರುತ್ತದೆ.

ಬಂಕಿನವರು ಪೆಟ್ರೋಲಿನ ಉಷ್ಣಾಂಶವನ್ನು ನೋಡುವುದೇನೋ ನಿಜ, ಆದರೆ ಬೇರೆ ಕಾರಣಕ್ಕೆ. ಜಾಡಿಯಲ್ಲಿ ಪೆಟ್ರೋಲು ಹಿಡಿದು, ಹೈಡ್ರೋಮೀಟರು ತೇಲಿಬಿಟ್ಟು, ಥರ್ಮಾಮೀಟರು ಇಳಿಸಿ ಸಾಂದ್ರತೆ ಬರೆದುಕೊಳ್ಳುತ್ತಾರೆ. 28 ಡಿಗ್ರಿಯಲ್ಲಿ 733 ಬಂದರೆ, ಕೋಷ್ಟಕ ನೋಡಿ 15 ಡಿಗ್ರಿಗೆ ಬದಲಿಸಿದಾಗ ಸುಮಾರು 745 ಆಗುತ್ತದೆ. ಲೋಡಿನ ಚಲನ್‌ನಲ್ಲಿರುವ ಅಂಕಿಗೂ ಇದಕ್ಕೂ ಮೂರಕ್ಕಿಂತ ಹೆಚ್ಚು ಅಂತರವಿದ್ದರೆ ಕಲಬೆರಕೆಯ ಅನುಮಾನ ಬರಬೇಕು. ಬೋರ್ಡಿನಲ್ಲಿ ಕಾಣುವ ಸಾಂದ್ರತೆ ಹೀಗೆ 15 ಡಿಗ್ರಿಗೆ ಬದಲಿಸಿದ್ದು. ಅದನ್ನು ನೋಡಿ ‘ಇವತ್ತು ಪೆಟ್ರೋಲು ತಣ್ಣಗಿದೆ’ ಎಂದು ಹೇಳಲಾಗದು. ಕೆನಡಾದಲ್ಲಿ ಪಂಪೇ ಪ್ರತಿ ಲೀಟರನ್ನೂ 15 ಡಿಗ್ರಿಯ ಲೆಕ್ಕಕ್ಕೆ ತಂದು ಮಾರುವ ಏರ್ಪಾಡು ವ್ಯಾಪಕವಾಗಿದೆ. ಚಳಿಯ ನಾಡಿನಲ್ಲಿ ಅದರಿಂದ ಮಾರುವವನಿಗೆ ಲಾಭ, ಸೆಕೆಯ ನಾಡಿನಲ್ಲಿ ಕೊಳ್ಳುವವನಿಗೆ. ಅದು ಮೊದಲು ಎಲ್ಲಿ ನೆಲೆಯೂರಿತು ಎಂಬುದರಲ್ಲಿ ನನಗೆ ಅಚ್ಚರಿಯೇನೂ ಕಾಣುವುದಿಲ್ಲ.

ಗಿರಾಕಿಯ ಜೇಬಿಗೆ ನಿಜಕ್ಕೂ ತಟ್ಟುವುದು ಮೀಟರು. ಐದು ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಯನ್ನು ನಿಯಮವೇ ಒಪ್ಪುತ್ತದೆ. ಅಂದರೆ 30 ಲೀಟರಿಗೆ 150 ಮಿಲಿಲೀಟರು. ಬೆಳಗಿನ ತಂಪಿನ ಲಾಭಕ್ಕಿಂತ ಎಂಟು ಪಟ್ಟು. ಅದನ್ನೂ ಮೀರಿ ಮೀಟರು ತಪ್ಪಿದ್ದರೆ ಯಾವ ಹೊತ್ತಿಗೆ ಹೋದರೂ ಒಂದೇ.

ಅನುಮಾನ ಬಂದರೆ ಐದು ಲೀಟರಿನ ಅಳತೆ ಕ್ಯಾನು ಕೇಳಿ. ಪ್ರತಿ ಬಂಕಿನಲ್ಲೂ ಅದು ಇರಬೇಕು, ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯೂ ಇರಬೇಕು. ಕ್ಯಾನನ್ನು ಮೊದಲು ಪೆಟ್ರೋಲಿನಿಂದ ಒಳಗೆಲ್ಲ ಒದ್ದೆ ಮಾಡಿ ಬಸಿಯಬೇಕು. ಒಣ ಕ್ಯಾನಿನ ಗೋಡೆಗೆ ಅಂಟುವ ಪೆಟ್ರೋಲು ಅಳತೆಯನ್ನು ಕಡಿಮೆ ತೋರಿಸುತ್ತದೆ. ಆಮೇಲೆ ಸಮತಟ್ಟಾದ ಜಾಗದಲ್ಲಿಟ್ಟು, ಮೀಟರು ಸೊನ್ನೆಯಲ್ಲಿದೆಯೇ ನೋಡಿ, ಐದು ಲೀಟರು ಬಿಡಿಸಿ, ಕುತ್ತಿಗೆಯ ಗೆರೆಗೆ ಕಣ್ಣು ನೇರ ಹಿಡಿದು ಓದಬೇಕು. ಗೆರೆಗಿಂತ 25 ಮಿಲಿಲೀಟರಿಗೂ ಹೆಚ್ಚು ಕೆಳಗಿದ್ದರೆ ಪಂಪಿನ ಸಂಖ್ಯೆ, ಹೊತ್ತು ಬರೆದುಕೊಂಡು ಅದೇ ಇಲಾಖೆಗೆ ದೂರು ಕೊಡಬಹುದು. ಪರೀಕ್ಷೆಗೆ ದುಡ್ಡಿಲ್ಲ, ಕ್ಯಾನಿನ ಪೆಟ್ರೋಲು ಮತ್ತೆ ಬಂಕಿನ ಟ್ಯಾಂಕಿಗೇ ಹೋಗುತ್ತದೆ.